ಗುದ್ದಿದರೆ ಗಟ್ಟಿ, ಸುರಿದರೆ ನೀರು: ಕಾರ್ನ್‌ಫ್ಲೋರ್ ಕಣಗಳು ಒಂದನ್ನೊಂದು ಮುಟ್ಟುತ್ತವಾ?

ಎರಡು ಕಪ್ ಕಾರ್ನ್‌ಫ್ಲೋರ್‌ಗೆ ಸುಮಾರು ಒಂದು ಕಪ್ ನೀರು ಹಾಕಿ ನಿಧಾನಕ್ಕೆ ಕಲಸಿ. ಗೋಬಿ ಮಂಚೂರಿಗೆ ಹಾಕ್ತೀವಲ್ಲ, ಆ ಬಿಳಿ ಪುಡಿ. ರೊಟ್ಟಿಗೆ ಬಳಸುವ ಹಳದಿ ಮೆಕ್ಕೆಜೋಳದ ಹಿಟ್ಟು ಬೇಡ, ಅದರಲ್ಲಿ ಈ ಆಟ ನಡೆಯಲ್ಲ. ಬಟ್ಟಲು ಬಗ್ಗಿಸಿದರೆ ಜೇನಿನ ಹಾಗೆ ಹರಿಯುತ್ತೆ, ಮುಷ್ಟಿಯಿಂದ ಗುದ್ದಿದರೆ ಕೈ ಒಳಗೇ ಹೋಗಲ್ಲ. ಇದು ಯಾಕೆ ಅನ್ನೋ ಜಗಳ ಕೊನೆಗೆ ಒಂದು ಸಣ್ಣ ಪ್ರಶ್ನೆಗೆ ಬಂದು ನಿಲ್ತು. ಗುದ್ದಿದಾಗ ಆ ಕಣಗಳು ಒಂದನ್ನೊಂದು ನಿಜವಾಗಿ ಮುಟ್ಟುತ್ತವಾ, ಇಲ್ಲಾ ನಡುವೆ ಯಾವಾಗಲೂ ನೀರಿನ ಪದರ ಉಳಿಯುತ್ತಾ?

ಕಥೆ ಶುರುವಾಗೋದು ಸಮುದ್ರದ ದಂಡೆಯಲ್ಲಿ. ಒದ್ದೆ ಮರಳಿನ ಮೇಲೆ ಕಾಲಿಟ್ಟರೆ ಪಾದದ ಸುತ್ತ ಮರಳು ಒಂದು ಕ್ಷಣ ಒಣಗಿದ ಹಾಗೆ ಕಾಣುತ್ತೆ. ಜುಹುವಿನಲ್ಲೋ ಮರೀನಾದಲ್ಲೋ ನೀವೂ ನೋಡಿರ್ತೀರಿ. ಇಂಗ್ಲೆಂಡಿನ ಇಂಜಿನಿಯರ್ ಆಸ್ಬರ್ನ್ ರೆನಾಲ್ಡ್ಸ್ 1885ರಲ್ಲಿ ಇದಕ್ಕೆ ಕಾರಣ ಕೊಟ್ಟರು. ಒತ್ತಾಗಿ ಕೂತಿರುವ ಕಣಗಳು ಜರುಗಬೇಕು ಅಂದ್ರೆ ಪಕ್ಕದ ಕಣವನ್ನು ಹತ್ತಿ ದಾಟಬೇಕು. ಹಾಗೆ ಹತ್ತುವಾಗ ನಡುವಿನ ಸಂದುಗಳು ಅಗಲವಾಗ್ತವೆ, ಮೇಲಿದ್ದ ನೀರು ಆ ಸಂದುಗಳಿಗೆ ಇಳಿದುಬಿಡುತ್ತೆ. ಇದನ್ನವರು ಡೈಲೇಟನ್ಸಿ ಅಂತ ಕರೆದರು. ನಿಮ್ಮ ಬಟ್ಟಲಲ್ಲೂ ಇದು ಕಾಣುತ್ತೆ: ಚಮಚ ಜೋರಾಗಿ ಎಳೆದರೆ ಮೇಲ್ಮೈಯ ಹೊಳಪು ಹೋಗಿ ಸುಣ್ಣ ಬಳಿದ ಗೋಡೆ ಥರ ಮಂಕಾಗುತ್ತೆ, ಬಿಟ್ಟರೆ ಮತ್ತೆ ಹೊಳೆಯುತ್ತೆ.

ಆದರೆ ಮರಳಿನ ಕಣಗಳು ಮೊದಲೇ ಒಂದಕ್ಕೊಂದು ಅಂಟಿ ಕೂತಿರ್ತವೆ. ನಿಧಾನಕ್ಕೆ ಸುರಿದರೆ ಸಲೀಸಾಗಿ ಹರಿಯೋ ಕಾರ್ನ್‌ಫ್ಲೋರ್ ರಭಸಕ್ಕೆ ಮಾತ್ರ ಯಾಕೆ ಸಿಟ್ಟಾಗಬೇಕು? ರೆನಾಲ್ಡ್ಸ್ ವಿವರಣೆಯಲ್ಲಿ ಇದಕ್ಕೆ ಉತ್ತರ ಇಲ್ಲ.

ನೂರು ವರ್ಷ ಮುಂದೆ ಬನ್ನಿ. 1980ರ ದಶಕದಲ್ಲಿ ಜಾನ್ ಬ್ರೇಡಿ ಮತ್ತು ಜಾರ್ಜ್ ಬಾಸಿಸ್ ಕಂಪ್ಯೂಟರ್‌ನಲ್ಲಿ, ದ್ರವದೊಳಗೆ ತೇಲುವ ಗೋಲಿಗಳ ಸಿಮ್ಯುಲೇಶನ್ ಮಾಡಿದರು. ಎರಡು ಗೋಲಿ ಹತ್ತಿರ ಬಂದಾಗ ನಡುವಿನ ನೀರು ಹೊರಗೆ ಹೋಗೋಕೆ ದಾರಿ ಸಾಲದೆ ತಡೆಯುತ್ತೆ. ಸಂದು ಕಿರಿದಾದಷ್ಟೂ ತಡೆ ಹೆಚ್ಚು. ವೇಗ ಜಾಸ್ತಿಯಾದರೆ ಗೋಲಿಗಳು ಹೀಗೆ ಗುಂಪು ಕಟ್ಟಿಕೊಂಡು ಹರಿವನ್ನೇ ತಡೆಯುತ್ತವೆ. ಹೈಡ್ರೋಕ್ಲಸ್ಟರ್ ಅನ್ನೋ ಹೆಸರಲ್ಲಿ ಈ ವಿವರಣೆ ದಶಕಗಳ ಕಾಲ ಗಟ್ಟಿಯಾಗಿ ಕೂತಿತು. ಅದಕ್ಕೆ ಅರ್ಹವೂ ಆಗಿತ್ತು ಅಂತ ನನ್ನ ಅನಿಸಿಕೆ, ಲೆಕ್ಕ ಅಷ್ಟು ಅಚ್ಚುಕಟ್ಟು. ಒಂದೇ ತೊಡಕು. ಆ ಲೆಕ್ಕದಲ್ಲಿ ಗೋಲಿಗಳು ಪೂರ್ತಿ ನಯ, ನಡುವಿನ ನೀರು ಎಂದೂ ಮುಗಿಯಲ್ಲ, ಹಾಗಾಗಿ ಎರಡು ಗೋಲಿ ಯಾವತ್ತೂ ಮುಟ್ಟೋದೇ ಇಲ್ಲ. ನಿಜವಾದ ಪಿಷ್ಟದ ಕಣ ಒರಟು, ಮೂಲೆ ಮೂಲೆ.

2013ರ ಹೊತ್ತಿಗೆ ರ್ಯೋಹೆಯಿ ಸೆಟೊ ಮತ್ತು ಸಂಗಡಿಗರು ಸಿಮ್ಯುಲೇಶನ್‌ಗೆ ಘರ್ಷಣೆ ಸೇರಿಸಿದರು. ಕಣಗಳ ನಡುವೆ ಒಂದನ್ನೊಂದು ದೂರ ಇಡುವ ಸಣ್ಣ ವಿಕರ್ಷಣೆ ಇದೆ ಅಂದ್ಕೊಳ್ಳಿ. ನಿಧಾನಕ್ಕೆ ಸುರಿದಾಗ ಒತ್ತಡ ಅದನ್ನು ಮೀರಲ್ಲ, ಕಣಗಳು ಜಾರಿಕೊಂಡು ಹೋಗ್ತವೆ. ಗುದ್ದಿದಾಗ ಮೀರುತ್ತೆ, ಕಣಕ್ಕೆ ಕಣ ಉಜ್ಜಿ ಕಚ್ಚಿಕೊಳ್ಳುತ್ತೆ. ಲೋಕಲ್ ಟ್ರೇನ್ ನೆನಪಿಸಿಕೊಳ್ಳಿ: ರೇಷ್ಮೆ ಸೀರೆಯವರ ನಡುವೆ ನುಸುಳಬಹುದು, ಅಷ್ಟೇ ಜನ ಬೆನ್ನಿಗೆ ಲ್ಯಾಪ್‌ಟಾಪ್ ಬ್ಯಾಗ್ ಹಾಕ್ಕೊಂಡು ನಿಂತರೆ ಇಡೀ ಬೋಗಿ ಜಾಮ್. ಜನಸಂಖ್ಯೆ ಬದಲಾಗಿಲ್ಲ, ಉಜ್ಜಾಟ ಶುರುವಾಗಿದೆ ಅಷ್ಟೇ.

ಹಾಗಾದ್ರೆ ಯಾರು ಸರಿ? ಇದನ್ನು ತೀರ್ಮಾನಿಸಿದ ಪ್ರಯೋಗ ನನಗೆ ಬಹಳ ಇಷ್ಟ. 2015ರಲ್ಲಿ ಕಾರ್ನೆಲ್‌ನ ಇತಾಯ್ ಕೋಹೆನ್ ಪ್ರಯೋಗಾಲಯದವರು, ಎಡಿನ್‌ಬರೋದ ಸಂಶೋಧಕರ ಜೊತೆ ಸೇರಿ, ಇಂಥದ್ದೇ ಗುಣದ ಮೈಕ್ರಾನ್ ಗಾತ್ರದ ಸಿಲಿಕಾ ಮತ್ತು ಲ್ಯಾಟೆಕ್ಸ್ ಕಣಗಳ ದ್ರಾವಣವನ್ನು ಒಂದು ದಿಕ್ಕಿಗೆ ತಿರುಗಿಸುತ್ತಾ ಇದ್ದು, ಥಟ್ ಅಂತ ಉಲ್ಟಾ ತಿರುಗಿಸಿದರು. ನೀರಿನ ತಡೆಗೆ ದಿಕ್ಕಿನ ಹಂಗಿಲ್ಲ: ಕಿರಿದಾದ ಸಂದಿಗೆ ನೀರನ್ನು ನುಗ್ಗಿಸೋದೂ ಹೊರಹಾಕಿದಷ್ಟೇ ಕಷ್ಟ, ಹಾಗಾಗಿ ಉಲ್ಟಾ ಮಾಡಿದ ಕ್ಷಣದಲ್ಲೂ ಅದು ಹಾಗೇ ಇರಬೇಕು. ಆದರೆ ಒಂದನ್ನೊಂದು ತಳ್ಳುತ್ತಿದ್ದ ಕಣಗಳನ್ನು ಹಿಂದಕ್ಕೆಳೆದರೆ ಆ ಒತ್ತು ತಕ್ಷಣ ಮಾಯವಾಗಬೇಕು. ಅಳೆದಾಗ ಸಿಕ್ಕಿದ್ದು ಎರಡನೆಯದು. ಉಲ್ಟಾ ಮಾಡಿದ ಕೂಡಲೇ ತಡೆ ಕುಸಿಯಿತು, ಕಣಗಳು ಮತ್ತೆ ಎದುರುಬದುರಾದ ಮೇಲೆ ಮೇಲೇರಿತು. ವೇಗದ ಜೊತೆ ಹೆಚ್ಚಾಗಿದ್ದು ಸ್ಪರ್ಶದ ಪಾಲು, ನೀರಿನದ್ದಲ್ಲ.

ಮುಷ್ಟಿಯ ಕೆಳಗೆ ಏನಾಗುತ್ತೆ ಅಂತ ಇದಕ್ಕೆ ಮುಂಚೆಯೇ, 2012ರಲ್ಲಿ, ಶಿಕಾಗೋದ ಸ್ಕಾಟ್ ವೈಟುಕೈಟಿಸ್ ಮತ್ತು ಹೈನ್ರಿಕ್ ಯೇಗರ್ ನೋಡಿದ್ದರು. ಕಾರ್ನ್‌ಫ್ಲೋರ್ ಮೇಲೆ ಸರಳು ಬೀಳಿಸಿ ಹೈ-ಸ್ಪೀಡ್ ಕ್ಯಾಮೆರಾ, ಎಕ್ಸ್-ರೇ ಹಿಡಿದರು. ಸರಳಿನ ಕೆಳಗೆ ಕಣಗಳು ಒತ್ತೊತ್ತಾಗಿ ಒಂದು ಗಟ್ಟಿ ಮುದ್ದೆ ಹುಟ್ಟಿ, ಕ್ಷಣಕ್ಷಣಕ್ಕೂ ಕೆಳಗೆ ಬೆಳೆಯುತ್ತೆ, ಅಕ್ಕಪಕ್ಕದ್ದನ್ನೂ ಜೊತೆಗೆಳೆದುಕೊಳ್ಳುತ್ತೆ. ಅಷ್ಟು ತೂಕವನ್ನು ಒಮ್ಮೆಲೇ ತಳ್ಳಬೇಕಾಗಿ ಬರೋದೇ ನಿಮ್ಮ ಕೈಗೆ ತಾಗುವ ಪೆಟ್ಟು. ಅದು ಕ್ಷಣಿಕ. ಮುಷ್ಟಿಯನ್ನು ಅಲ್ಲೇ ಇಟ್ಟರೆ ಒತ್ತಡ ಇಳಿದು ಕಣಗಳು ಬಿಡಿಬಿಡಿಯಾಗಿ, ಕೈ ಮೆಲ್ಲಗೆ ಮುಳುಗುತ್ತೆ.

ಮನೆಯಲ್ಲಿ ಮಾಡೋರಿಗೆ ಒಂದು ಮಾತು: ಕೆಲಸ ಮಾಡದಿದ್ದರೆ ಸಾಮಾನ್ಯವಾಗಿ ನೀರು ಜಾಸ್ತಿಯಾಗಿರುತ್ತೆ, ಪುಡಿ ಸೇರಿಸಿ. ಅರ್ಧ ಗಂಟೆ ಇಟ್ಟರೆ ಪುಡಿ ತಳಕ್ಕೆ ಕೂರುತ್ತೆ, ತಳದಿಂದ ಕಲಸಿ. ಆಟ ಮುಗಿದ ಮೇಲೆ ಸಿಂಕಿಗೆ ಮಾತ್ರ ಸುರಿಯಬೇಡಿ, ಪೈಪಿನ ತಿರುವಿನಲ್ಲಿ ಗಟ್ಟಿಯಾಗಿ ಕೂತುಬಿಡುತ್ತೆ.