ತೋರಿಕೆಯ ತೂಕ

ತೋರಿಕೆಯ ತೂಕ ಎಂದರೆ ಒಂದು ವಸ್ತುವನ್ನು ಹೊತ್ತಿರುವ ನೆಲ, ತಕ್ಕಡಿ ಅಥವಾ ಹಗ್ಗವು ಆ ವಸ್ತುವಿನ ಮೇಲೆ ಪ್ರಯೋಗಿಸುವ ಆಧಾರಬಲ. ವಸ್ತುವಿನ ನಿಜವಾದ ತೂಕವು ಭೂಮಿ ಅದನ್ನು ಸೆಳೆಯುವ ಬಲವಾಗಿದ್ದು (mg), ಲಿಫ್ಟ್ ಹೇಗೆ ಚಲಿಸಿದರೂ ಬದಲಾಗುವುದಿಲ್ಲ. ಲಿಫ್ಟಿನಲ್ಲಿ ಇಟ್ಟ ಸ್ಪ್ರಿಂಗ್ ತಕ್ಕಡಿಯು ಅಳೆಯುವುದು ಈ ಸೆಳೆತವನ್ನಲ್ಲ, ತಾನು ವಸ್ತುವನ್ನು ಮೇಲಕ್ಕೆ ತಳ್ಳುವ ಬಲವನ್ನು (N).

ನೆಲದಿಂದ ನೋಡಿದಾಗ

60 ಕಿ.ಗ್ರಾಂ ದ್ರವ್ಯರಾಶಿಯ ವ್ಯಕ್ತಿಯೊಬ್ಬನು ಲಿಫ್ಟಿನಲ್ಲಿ ತಕ್ಕಡಿಯ ಮೇಲೆ ನಿಂತಿದ್ದಾನೆ ಎಂದು ಭಾವಿಸೋಣ. g = 9.8 m/s² ಎಂದು ತೆಗೆದುಕೊಂಡರೆ ಅವನ ನಿಜವಾದ ತೂಕ 588 ನ್ಯೂಟನ್. ಲಿಫ್ಟ್ ನಿಂತಿರುವಾಗಲೂ ಏಕರೂಪ ವೇಗದಲ್ಲಿ ಚಲಿಸುವಾಗಲೂ ತಕ್ಕಡಿ ಇದನ್ನೇ ತೋರಿಸುತ್ತದೆ. ಲಿಫ್ಟಿಗೆ ಮೇಲ್ಮುಖವಾಗಿ 2 m/s² ವೇಗೋತ್ಕರ್ಷವಿದ್ದರೆ, ನ್ಯೂಟನ್ನನ ಎರಡನೆಯ ನಿಯಮದಂತೆ,

N − mg = ma
N = 60 × (9.8 + 2) = 708 ನ್ಯೂಟನ್

ಕಿಲೋಗ್ರಾಂಗಳಲ್ಲಿ ಗುರುತು ಮಾಡಿದ ತಕ್ಕಡಿಯು ಆಗ ಸುಮಾರು 72 ಕಿ.ಗ್ರಾಂ ತೋರಿಸುತ್ತದೆ. ವೇಗೋತ್ಕರ್ಷವು ಅಷ್ಟೇ ಇದ್ದು ಕೆಳಮುಖವಾಗಿದ್ದರೆ N = 468 ನ್ಯೂಟನ್, ಅಂದರೆ ಸುಮಾರು 48 ಕಿ.ಗ್ರಾಂ. ಹಗ್ಗ ಕಡಿದು ಲಿಫ್ಟ್ ಮುಕ್ತವಾಗಿ ಬಿದ್ದರೆ N ಸೊನ್ನೆಯಾಗುತ್ತದೆ.

ಲಿಫ್ಟಿನೊಳಗಿನಿಂದ ನೋಡಿದಾಗ

ಲಿಫ್ಟನ್ನೇ ಚೌಕಟ್ಟಾಗಿ ಇಟ್ಟುಕೊಂಡವರಿಗೆ ಆ ವ್ಯಕ್ತಿ ನಿಶ್ಚಲನಾಗಿದ್ದಾನೆ. ಆದರೂ 708 ಮತ್ತು 588 ನ್ಯೂಟನ್ ಬಲಗಳು ಪರಸ್ಪರ ಸರಿದೂಗುವುದಿಲ್ಲ. ನ್ಯೂಟನ್ನನ ನಿಯಮಗಳನ್ನು ಇಲ್ಲಿಯೂ ಬಳಸಬೇಕಾದರೆ, ಚೌಕಟ್ಟಿನ ವೇಗೋತ್ಕರ್ಷಕ್ಕೆ ವಿರುದ್ಧ ದಿಕ್ಕಿನಲ್ಲಿ ma ಪರಿಮಾಣದ ಬಲವೊಂದನ್ನು ಸೇರಿಸಬೇಕು. ಇದೇ ಮಿಥ್ಯಾಬಲ. ಇಲ್ಲಿ ಅದು ಕೆಳಮುಖವಾಗಿ 120 ನ್ಯೂಟನ್; 588 + 120 = 708 ಆಗಿ ಲೆಕ್ಕ ಸರಿಹೊಂದುತ್ತದೆ. ಈ ಬಲವನ್ನು ಯಾವ ವಸ್ತುವೂ ಉಂಟುಮಾಡುವುದಿಲ್ಲವಾದ್ದರಿಂದ ಅದಕ್ಕೆ ಪ್ರತಿಕ್ರಿಯಾಬಲವೂ ಇರುವುದಿಲ್ಲ.

ಇದೇ ವಿಧಾನವು ಅಡ್ಡಲಾಗಿ ಚಲಿಸುವ ವಾಹನಕ್ಕೂ ಅನ್ವಯಿಸುತ್ತದೆ. 2 m/s² ವೇಗೋತ್ಕರ್ಷದಿಂದ ಮುಂದೆ ಸಾಗುವ ಬಸ್ಸಿನಲ್ಲಿ ದಾರಕ್ಕೆ ತೂಗುಬಿಟ್ಟ ಗುಂಡು ಹಿಂದಕ್ಕೆ ವಾಲಿ ನಿಲ್ಲುತ್ತದೆ. ಬಸ್ಸಿನ ಚೌಕಟ್ಟಿನಲ್ಲಿ ಗುಂಡಿನ ಮೇಲೆ ಹಿಮ್ಮುಖವಾಗಿ ma, ಕೆಳಮುಖವಾಗಿ mg ಇರುವುದರಿಂದ tan θ = a/g; ಕೋನವು ಸುಮಾರು 11.5°. ಗುಂಡಿನ ದ್ರವ್ಯರಾಶಿ ಎಷ್ಟಿದ್ದರೂ ಕೋನ ಅದೇ.

ಸಾಮಾನ್ಯ ತಪ್ಪುಗಳು

- ಚಲನೆಯ ದಿಕ್ಕನ್ನು ವೇಗೋತ್ಕರ್ಷದ ದಿಕ್ಕೆಂದು ತಿಳಿಯುವುದು. ಕೆಳಗಿಳಿಯುತ್ತಿರುವ ಲಿಫ್ಟ್ ನಿಧಾನವಾಗಿ ನಿಲ್ಲುವಾಗ ಅದರ ವೇಗೋತ್ಕರ್ಷ ಮೇಲ್ಮುಖವಾಗಿರುತ್ತದೆ. ಆಗ ತೋರಿಕೆಯ ತೂಕ ಹೆಚ್ಚುತ್ತದೆ.
- ಎರಡು ಚೌಕಟ್ಟುಗಳನ್ನು ಬೆರೆಸುವುದು. ನೆಲದ ಚೌಕಟ್ಟಿನ ಸಮೀಕರಣದಲ್ಲಿ ಬಲಭಾಗದ ma ಜೊತೆಗೆ ಮಿಥ್ಯಾಬಲವನ್ನೂ ಬರೆದರೆ ಒಂದೇ ಪರಿಣಾಮವನ್ನು ಎರಡು ಸಲ ಎಣಿಸಿದಂತಾಗುತ್ತದೆ. ಮೇಲಿನ ಉದಾಹರಣೆಯಲ್ಲಿ 708ರ ಬದಲು 828 ನ್ಯೂಟನ್ ಬಂದರೆ ಈ ತಪ್ಪಾಗಿದೆ ಎಂದು ತಿಳಿಯಬಹುದು.
- ಎಲ್ಲ ತಕ್ಕಡಿಗಳೂ ಒಂದೇ ಎಂದು ಭಾವಿಸುವುದು. ಎರಡು ತಟ್ಟೆಗಳ ತಕ್ಕಡಿಯಲ್ಲಿ ವಸ್ತು ಮತ್ತು ತೂಕದ ಬಟ್ಟುಗಳೆರಡರ ಮೇಲೂ ಒಂದೇ ಪ್ರಮಾಣದ ಪರಿಣಾಮವಾಗುವುದರಿಂದ, ಲಿಫ್ಟಿನ ವೇಗೋತ್ಕರ್ಷ ಅದರ ಅಳತೆಯನ್ನು ಬದಲಿಸುವುದಿಲ್ಲ. ಮುಕ್ತ ಪತನದಲ್ಲಿ ಮಾತ್ರ ಅದು ಯಾವ ಕಡೆಗೂ ವಾಲದೆ ನಿರುಪಯುಕ್ತವಾಗುತ್ತದೆ.