ಫ್ರಾಂಚೈಸಿ ವೆಬ್‌ಸೈಟ್‌ಗೆ ಸೇರುವ ಫೀಸ್ ಕಟ್ಟುವ ಮೊದಲು ಈ ಲೆಕ್ಕ ಮಾಡಿ ನೋಡಿ

ಪೆರಾಬೆ: "ಅಂಗಡಿ ಕೋಣೆ ಇದ್ದರೆ ಸಾಕು, ಫೀಸ್ ಕಟ್ಟಿ ಸೇರಿ, ತಿಂಗಳ ಆದಾಯ ಗ್ಯಾರಂಟಿ" ಎನ್ನುವ ಲಿಂಕ್ ಮೊಬೈಲ್‌ಗೆ ಬಂದರೆ ಮೊದಲು ಕೇಳಬೇಕಾದ ಪ್ರಶ್ನೆ ಒಂದೇ. ಆ ಗ್ಯಾರಂಟಿ ದುಡ್ಡು ಎಲ್ಲಿಂದ ಬರ್ತದೆ?

ಸ್ಪೀಕ್ ಏಷ್ಯಾ ಎಂಬ ಆನ್‌ಲೈನ್ ಕಂಪೆನಿಯ ಲೆಕ್ಕ ನೋಡಿದರೆ ಇದು ಅರ್ಥ ಆಗ್ತದೆ. ವರ್ಷಕ್ಕೆ 11,000 ರೂ. ಕಟ್ಟಿದವರು ವಾರಕ್ಕೆ ಎರಡು ಸರ್ವೆ ತುಂಬಬೇಕು, ಒಂದಕ್ಕೆ 500 ರೂ. ಅಂದರೆ ವರ್ಷಕ್ಕೆ 52,000 ರೂ. ಆ ಸರ್ವೆಗೆ ಹೊರಗಿನಿಂದ ಯಾರೂ ದುಡ್ಡು ಕೊಡದಿದ್ದರೆ ಒಬ್ಬರಿಗೆ ಕೊಡಲು ಹೊಸದಾಗಿ ಸೇರುವ ಐದು ಜನರ ಫೀಸ್ ಬೇಕು. ಆ ಐವರಿಗೆ ಕೊಡಲು 24 ಜನ, ಅವರಿಗೆ ಕೊಡಲು 114 ಜನ. ಹೀಗೇ ಏಳನೇ ಸುತ್ತಿಗೆ ಅರ್ಧ ಲಕ್ಷ ದಾಟುತ್ತದೆ. ಮೊದಲು ಸೇರಿದವರಿಗೆ ದುಡ್ಡು ಬಂದದ್ದು ನಿಜವೇ ಇರಬಹುದು, ಆದರೆ ಅದು ವ್ಯಾಪಾರದ ಸಾಕ್ಷಿ ಅಲ್ಲ. 2011ರಲ್ಲಿ ಪಾವತಿ ನಿಂತಿತು, ಮುಂಬೈ ಪೊಲೀಸರ ಆರ್ಥಿಕ ಅಪರಾಧ ವಿಭಾಗ ಪ್ರಕರಣ ದಾಖಲಿಸಿತು.

ಸರಿಯಾದ ಫ್ರಾಂಚೈಸಿಯಲ್ಲೂ ಫೀಸ್ ಅಥವಾ ಡೆಪಾಸಿಟ್ ಇರಬಹುದು. ಆದರೆ ಅಲ್ಲಿ ಅಂಗಡಿಯವರ ಆದಾಯ ಮಾಲು ಮಾರಿದಾಗ ಉಳಿಯುವ ಮಾರ್ಜಿನ್‌ನಿಂದ ಬರುವುದು. ಪೆರಾಬೆಯಲ್ಲಿ ದಿನಕ್ಕೆ ಎಷ್ಟು ಗಿರಾಕಿ ಬರ್ತಾರೆ ಅಂತ ಕೇಳದೆಯೇ ತಿಂಗಳ ಮೊತ್ತ ಹೇಳುವವರಿಗೆ ಅಂಗಡಿ ಓಡುವುದು ಮುಖ್ಯ ಅಲ್ಲ, ಫೀಸ್ ಮುಖ್ಯ.

ಇನ್ನೊಂದು ಬಗೆ, ದೊಡ್ಡ ಹೆಸರಿನ ನಕಲಿ. ಅಮುಲ್ ಹೆಸರಿನಲ್ಲಿ ಫ್ರಾಂಚೈಸಿ ಕೊಡಿಸುವುದಾಗಿ ಹೇಳುತ್ತಿದ್ದ amul-franchise.in ಮುಂತಾದ ಸೈಟ್‌ಗಳ ವಿರುದ್ಧ ಅಮುಲ್ ಮಾರಾಟ ಒಕ್ಕೂಟ 2020ರಲ್ಲಿ ದೆಹಲಿ ಹೈಕೋರ್ಟಿಗೇ ಹೋಗಬೇಕಾಯಿತು. ಇದನ್ನು ಗುರುತಿಸುವುದು ಕಷ್ಟ ಇಲ್ಲ. ಕೊನೆಯ .com ಅಥವಾ .in ಗೆ ಅಂಟಿಕೊಂಡ ಪೂರ್ತಿ ಹೆಸರೇ ಮಾಲೀಕನದ್ದು. shop.amul.com ಅಮುಲ್‌ನದ್ದೇ, ಯಾಕೆಂದರೆ .com ಮೊದಲು amul ಮಾತ್ರ ಇದೆ. ಗೆರೆ ಹಾಕಿ franchise ಸೇರಿಸಿದರೆ ಅದು ಬೇರೆಯೇ ಹೆಸರು, ಕೆಲವು ನೂರು ರೂಪಾಯಿಗೆ ಯಾರು ಬೇಕಾದರೂ ತಗೊಳ್ಳಬಹುದು. .com ಹೆಸರು ನೋಂದಣಿಯಾದ ದಿನಾಂಕವನ್ನು lookup.icann.org ನಲ್ಲಿ ಪುಕ್ಕಟೆ ನೋಡಬಹುದು. "15 ವರ್ಷದ ಅನುಭವ" ಅಂತ ಬರೆದ ಸೈಟ್ ಕಳೆದ ತಿಂಗಳು ಹುಟ್ಟಿದ್ದಾದರೆ ಅಲ್ಲಿಗೆ ಬಿಡಿ.

ಜಿಎಸ್‌ಟಿ ನಂಬರ್ ಕೊಟ್ಟಿದ್ದರೂ gst.gov.in ನಲ್ಲಿ ಹಾಕಿ ನೋಡಬೇಕು. ಅಲ್ಲಿ ಬರುವ ಹೆಸರು, ಹಣ ಕೇಳುವ ಬ್ಯಾಂಕ್ ಖಾತೆಯ ಹೆಸರು ಎರಡೂ ಒಂದೇ ಇರಬೇಕು. ಕಂಪೆನಿ ಹೆಸರು ಹೇಳಿ ಯಾರದೋ ಸ್ವಂತ ಖಾತೆಗೆ ಹಾಕಿ ಅಂದರೆ ಹಾಕಬಾರದು. ಆದರೆ ನಂಬರ್ ಅಸಲಿ ಇದ್ದ ಮಾತ್ರಕ್ಕೆ ಗ್ಯಾರಂಟಿ ಅಸಲಿ ಆಗುವುದಿಲ್ಲ. ನೋಂದಣಿ ಮಾಡಿಕೊಂಡೇ ಮೋಸ ಮಾಡುವವರೂ ಇದ್ದಾರೆ.

ಹಣ ಹೋಗಿದ್ದರೆ ಕೂಡಲೇ 1930ಕ್ಕೆ ಕರೆ ಮಾಡಿ, cybercrime.gov.in ನಲ್ಲೂ ದೂರು ಕೊಡಬಹುದು. ಹಣವನ್ನು ಖಾತೆಯಿಂದ ಹೊರತೆಗೆಯುವ ಮೊದಲಾದರೆ ತಡೆಹಿಡಿಯುವ ಸಾಧ್ಯತೆ ಹೆಚ್ಚು. ಪಾವತಿಯ ಯುಟಿಆರ್ ನಂಬರ್, ಚಾಟ್, ಸೈಟಿನ ಸ್ಕ್ರೀನ್‌ಶಾಟ್ ಅಳಿಸಬೇಡಿ.