ಬಾಚಣಿಗೆಯೂ ಭುಜಸಂಧಿಯೂ: ಹೆಪ್ಪುಗಟ್ಟಿದ ಭುಜದ ಅವಸ್ಥೆಗಳನ್ನು ಕುರಿತು

52 ವರ್ಷ ವಯಸ್ಸಿನ, ಹಲವು ವರ್ಷಗಳಿಂದ ಸಕ್ಕರೆ ಕಾಯಿಲೆಯುಳ್ಳ ಗೃಹಿಣಿಯೊಬ್ಬರು ತಮ್ಮ ಬಲಭುಜದ ವ್ಯಾಧಿಯನ್ನು ನಿವೇದಿಸುವಾಗ, ನೋವಿನ ಮಾತಿಗೆ ಮೊದಲೇ, “ಬಾಚಣಿಗೆ ಕಿವಿಯ ತನಕ ಬರುತ್ತದೆ, ಹಿಂತಲೆಗೆ ಹೋಗುವುದಿಲ್ಲ, ಜಡೆಗೆ ಮಗಳನ್ನೇ ಕರೆಯಬೇಕು” ಎಂದರು. ರೋಗನಿರ್ಣಯಕ್ಕೆ ಬೇಕಾದ ಸೂಚನೆಯು ಬಹುಮಟ್ಟಿಗೆ ಈ ಒಂದು ಮಾತಿನಲ್ಲಿಯೇ ಅಡಗಿರುವುದರಿಂದ, ಅದನ್ನು ಬಿಡಿಸಿ ನೋಡುವುದೇ ಪ್ರಸ್ತುತ ಲೇಖನದ ಉದ್ದೇಶ.

ತೋಳನ್ನು ತಲೆಯ ಮೇಲಕ್ಕೆತ್ತುವ ಸುಮಾರು 180 ಡಿಗ್ರಿಗಳ ಚಲನೆಯಲ್ಲಿ ಮೂರನೆಯ ಎರಡು ಪಾಲು ಭುಜಸಂಧಿಯದು. ಉಳಿದ ಒಂದು ಪಾಲು, ಬೆನ್ನಿನ ಮೇಲೆ ಜಾರುವ ಹೆಗಲ ಹಲಗೆಯದು. ತೋಳು ಮೇಲೇರುವಾಗ ತೋಳಮೂಳೆಯು ತನ್ನ ಅಕ್ಷದ ಸುತ್ತ ಹೊರಮುಖವಾಗಿ ಹೊರಳದಿದ್ದರೆ, ಅದರ ತಲೆಯ ಹೊರಬದಿಯ ಉಬ್ಬು ಹೆಗಲಿನ ಮೇಲ್ಛಾವಣಿಯಂತಿರುವ ಎಲುಬಿಗೆ ತಾಗಿ, ತೋಳು ಅಡ್ಡವಾಗಿ ಚಾಚಿದ ಮಟ್ಟದ ಆಸುಪಾಸಿನಲ್ಲಿಯೇ ನಿಂತುಬಿಡುವುದು. ಹಿಂತಲೆಗೆ ಬಾಚಣಿಗೆಯನ್ನು ಒಯ್ಯುವುದಕ್ಕೆ ಈ ಬಾಹ್ಯ ಪರಿಭ್ರಮಣವು ಅತ್ಯವಶ್ಯ. ಫ್ರೋಜನ್ ಶೋಲ್ಡರ್ ಎಂಬ ವ್ಯಾಧಿಯು ಎಲ್ಲಕ್ಕಿಂತ ಹೆಚ್ಚಾಗಿ ಅಪಹರಿಸುವುದೂ ಇದನ್ನೇ. ಸಂಧಿಯನ್ನು ಸುತ್ತುವರಿದ ಕೋಶದ ಮುಂಭಾಗವೂ ಅಲ್ಲಿನ ಕೋರಕೋಹ್ಯೂಮರಲ್ ಬಂಧವೂ ದಪ್ಪಗೊಂಡು ಸಂಕುಚಿತವಾಗುವುದೇ ಅದಕ್ಕೆ ಕಾರಣ. ಕಂಕುಳ ಕಡೆಗೆ ಸಡಿಲವಾದ ಮಡಿಕೆಯಾಗಿ ಜೋಲುತ್ತಿದ್ದ ಕೋಶದ ಭಾಗವೂ ಕುಗ್ಗಿಹೋಗುತ್ತದೆ.

ಸುಶ್ರುತಸಂಹಿತೆಯಲ್ಲಿ ಹೆಗಲಿನ ಬಂಧಗಳನ್ನು ಬಾಧಿಸುವ ಅವಬಾಹುಕವೆಂಬ ವಾತವ್ಯಾಧಿಯ ಉಲ್ಲೇಖವಿದ್ದರೂ, ಅದನ್ನು ಇದರೊಡನೆ ಸಂಪೂರ್ಣವಾಗಿ ಸಮೀಕರಿಸುವುದು ಉಚಿತವೆಂದು ನಮಗೆ ತೋರುವುದಿಲ್ಲ. ಈಗಿನ ಹೆಸರನ್ನು 1934ರಲ್ಲಿ ಬಳಕೆಗೆ ತಂದವನು ಅಮೆರಿಕೆಯ ಶಸ್ತ್ರವೈದ್ಯ ಕಾಡ್ಮನ್. ದೋಷವು ಸಂಧಿಕೋಶದಲ್ಲಿದೆಯೆಂದು 1945ರಲ್ಲಿ ಪ್ರತಿಪಾದಿಸಿದವನು ನೆವಿಯಾಸರ್.

ಆಕೆಯ ಪರೀಕ್ಷೆಗೆ ಬರೋಣ. ಮೊಣಕೈಯನ್ನು ಪಕ್ಕೆಗೆ ಒತ್ತಿ, 90 ಡಿಗ್ರಿ ಮಡಿಸಿ, ಮುಂಗೈಯನ್ನು ಹೊರಕ್ಕೆ ಹೊರಳಿಸುವಂತೆ ಹೇಳಿದಾಗ ಎಡಗೈ 60 ಡಿಗ್ರಿ ಸರಿಯಿತು, ಬಲಗೈ 10ಕ್ಕೇ ನಿಂತಿತು. ಅನಂತರ ನಾವೇ ಮೃದುವಾಗಿ ಹೊರಳಿಸಲು ಯತ್ನಿಸಿದರೂ ಅದು ಅದೇ ಎಡೆಯಲ್ಲಿ ತಡೆಯಿತು. ಸ್ನಾಯುರಜ್ಜು ಹರಿದವರಲ್ಲಿ ರೋಗಿಗೆ ಎತ್ತಲಾಗದ ತೋಳನ್ನು ಪರೀಕ್ಷಕನ ಕೈ ಸಾಮಾನ್ಯವಾಗಿ ಎತ್ತಬಲ್ಲುದು. ಇಲ್ಲಿ ಇಬ್ಬರಿಗೂ ಒಂದೇ ಗಡಿ. ಆದರೆ ಸವೆದ ಸಂಧಿಯಲ್ಲಿಯೂ, ಗುರುತಿಗೆ ಬಾರದೆ ಹಿಂದಕ್ಕೆ ಜಾರಿದ ಸಂಧಿಯಲ್ಲಿಯೂ ಇಂಥದೇ ತಡೆ ಕಾಣುವುದರಿಂದ ಎಕ್ಸ್-ರೇ ಅನಿವಾರ್ಯ. ಆಕೆಯ ಚಿತ್ರದಲ್ಲಿ ದೋಷವಿರಲಿಲ್ಲ. ತೋಳು ಒಟ್ಟು 90 ಡಿಗ್ರಿ ಏರಿತಾದರೂ, ಹೆಗಲು ಕಿವಿಯತ್ತ ಎಗರಿದುದನ್ನು ಕಂಡಾಗ, ಅದರಲ್ಲಿ ಬಹುಪಾಲು ಹೆಗಲ ಹಲಗೆಯು ಕೊಟ್ಟ ಸಾಲವೆಂಬುದು ಸ್ಪಷ್ಟವಾಯಿತು.

ವ್ಯಾಧಿಯ ಅವಸ್ಥೆಗಳು ಮೂರು: ರಾತ್ರಿ ಆ ಮಗ್ಗುಲಿಗೆ ಮಲಗಗೊಡದ ವೇದನಾವಸ್ಥೆ, ನೋವು ಇಳಿದು ಬಿಗಿತವೇ ಪ್ರಧಾನವಾಗುವ ಸ್ತಬ್ಧಾವಸ್ಥೆ, ಚಲನೆ ಮೆಲ್ಲನೆ ಮರಳುವ ಶಿಥಿಲಾವಸ್ಥೆ. ಇವುಗಳಿಗೆ ಕ್ರಮವಾಗಿ 2ರಿಂದ 9, 4ರಿಂದ 12, 5ರಿಂದ 24 ತಿಂಗಳುಗಳನ್ನು ಸ್ಥೂಲವಾಗಿ ಹೇಳುವುದುಂಟು. ಗಡಿಗಳು ಒಂದರೊಳಗೊಂದು ಬೆರೆತಿರುತ್ತವೆ, ಮಧುಮೇಹಿಗಳಲ್ಲಿ ಕಾಲವು ಇನ್ನೂ ದೀರ್ಘವಾಗುತ್ತದೆ. ಆದರೂ ಅವಸ್ಥೆಯನ್ನು ಅರಿಯದೆ ವ್ಯಾಯಾಮವನ್ನು ವಿಧಿಸುವುದು ತಪ್ಪೆಂದೇ ನಮ್ಮ ಅಭಿಪ್ರಾಯ. ಈಕೆಯೂ ಮೊದಲ ತಿಂಗಳುಗಳಲ್ಲಿ ಯಾರದೋ ಸಲಹೆಯಂತೆ ಕೈಯನ್ನು ಬಲವಾಗಿ ಎಳೆಸಿಕೊಂಡು, ಪ್ರತಿಸಲವೂ ಆ ರಾತ್ರಿಯ ನಿದ್ರೆಯನ್ನು ಕಳೆದುಕೊಂಡಿದ್ದರು. ಡಿಯರ್ಕ್ಸ್ ಮತ್ತು ಸ್ಟೀವನ್ಸ್ ಎಂಬವರು 77 ರೋಗಿಗಳನ್ನು ಎರಡು ವರ್ಷ ಅನುಸರಿಸಿ 2004ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ನೋವಿನ ಮಿತಿಯೊಳಗೆ ಚಲಿಸಿದವರಲ್ಲಿ ಶೇಕಡಾ 89 ಮಂದಿ, ನೋವನ್ನು ಮೀರಿ ಎಳೆಸಿಕೊಂಡವರಲ್ಲಿ ಶೇಕಡಾ 63 ಮಂದಿ ಬಹುಮಟ್ಟಿಗೆ ಸ್ವಸ್ಥರಾದರು.

ವೇದನಾವಸ್ಥೆಯಲ್ಲಿರುವವರು ಮೇಜಿನ ಮೇಲೆ ಸ್ವಸ್ಥ ಕೈಯನ್ನೂರಿ, ಮುಂದಕ್ಕೆ ಬಾಗಿ, ನೊಂದ ತೋಳನ್ನು ಲೋಲಕದಂತೆ ಸಣ್ಣ ವೃತ್ತಗಳಲ್ಲಿ ತೂಗಾಡಿಸಿದರೆ ಸಾಕು. ಸಂಧಿಯೊಳಗಿನ ಸ್ಟೆರಾಯ್ಡ್ ಇಂಜೆಕ್ಷನ್ ಕೆಲವು ವಾರಗಳ ಉಪಶಮನವನ್ನು ಕೊಡುವುದಾದರೂ, ಮಧುಮೇಹಿಗಳ ರಕ್ತದ ಸಕ್ಕರೆಯನ್ನು ಕೆಲವು ದಿನ ಏರಿಸುವುದರಿಂದ, ಆ ದಿನಗಳಲ್ಲಿ ಅದನ್ನು ಅಳೆಯುತ್ತಿರಬೇಕು. ನೋವು ಇಳಿದ ಮೇಲೆ ಕೋಲಿನ ಅಭ್ಯಾಸ: ಮಲಗಿ, ಮೊಣಕೈಯ ಅಡಿಯಲ್ಲಿ ಮಡಿಸಿದ ಟವೆಲ್ ಇರಿಸಿ, ಎರಡೂ ಕೈಗಳಲ್ಲಿ ಕೋಲನ್ನು ಹಿಡಿದು, ಸ್ವಸ್ಥ ಕೈಯಿಂದ ನೊಂದ ಮುಂಗೈಯನ್ನು ಹೊರಕ್ಕೆ ತಳ್ಳಿ, ಬಿಗಿತ ತೋರಿದೆಡೆ ಕೆಲವು ಕ್ಷಣ ನಿಲ್ಲಿಸುವುದು. ಅಭ್ಯಾಸದ ಅನಂತರದ ನೋವು ಮರುದಿನವೂ ಉಳಿದರೆ ಎಳೆತ ಅತಿಯಾಯಿತೆಂದು ತಿಳಿಯಬೇಕು.

ಆಕೆಯ ಬಲಗೈಯ ಹೊರಳುವಿಕೆಯು 14ನೆಯ ತಿಂಗಳಿನಲ್ಲಿ 30 ಡಿಗ್ರಿಗೂ 22ನೆಯ ತಿಂಗಳಿನಲ್ಲಿ 45ಕ್ಕೂ ಬಂದಿತು. ಈಗ ಜಡೆಯನ್ನು ತಾವೇ ಹೆಣೆದುಕೊಳ್ಳುತ್ತಾರೆ. ಬೆನ್ನಿನ ಹಿಂದಿನ ಕೊಕ್ಕೆಯನ್ನು ಹಾಕಿಕೊಳ್ಳುವುದಕ್ಕೆ ಮಾತ್ರ ಇಂದಿಗೂ ಮಗಳ ಕೈ ಬೇಕಾಗಿದೆ.